ಚಿನ್ನ ಏರಿದಾಗ ಯಾರು ಏನು ಮಾಡ್ತಾರೆ: ಅಪ್ರೈಸರ್ ಆಚಾರ್ ಅವರನ್ನು ಕೇಳಿ

ಸುಮಾ: ಮಗಳ ಮದುವೆ ಹತ್ತಿರ ಬಂತು. ಅಮ್ಮನ ಹಳೇ ಬಳೆ 40 ಗ್ರಾಂ ಇದೆ. ರೇಟ್ ಏರಿದೆಯಲ್ಲ, ಈಗ ಕೊಟ್ಟರೆ ಹೊಸ ಸರ ಜಾಸ್ತಿ ತೂಕದ್ದು ಬರುತ್ತೆ ಅಲ್ವಾ ಸರ್?

ಆಚಾರ್: ಬರಲ್ಲ ಅಮ್ಮ. ಹಳೇ ಬಳೆಯಲ್ಲಿ ಬೆಸುಗೆ ಜಾಸ್ತಿ ಇರುತ್ತೆ. ಕರಗಿಸಿ ನೋಡಿದಾಗ 87% ಬಂತು ಅಂದುಕೊಳ್ಳಿ. ಅಪರಂಜಿ 34.8 ಗ್ರಾಂ ಆಯ್ತು, 916 ಲೆಕ್ಕದಲ್ಲಿ 38 ಗ್ರಾಂ. ಹೊಸ ಸರಕ್ಕೆ 14% ಮಜೂರಿ, ಅದೆಲ್ಲದರ ಮೇಲೆ 3% ಜಿಎಸ್‌ಟಿ. ಕೈಯಿಂದ ದುಡ್ಡು ಹಾಕದೆ ನಿಮಗೆ ಬರೋದು 32 ಗ್ರಾಂ ಚಿಲ್ಲರೆ. ರೇಟ್ ಎಷ್ಟೇ ಇರಲಿ, ಈ 32 ಬದಲಾಗಲ್ಲ, ಯಾಕೆಂದರೆ ಕೊಡೋದೂ ಚಿನ್ನ, ತಗೊಳ್ಳೋದೂ ಚಿನ್ನ.

ನನಗೆ ಬೇಜಾರಾಗುವುದು ಮಜೂರಿ ವಿಷಯದಲ್ಲಿ. ರೇಟ್ ಎರಡರಷ್ಟಾದರೆ ಶೇಕಡಾ ಲೆಕ್ಕದ ಮಜೂರಿಯೂ ಎರಡರಷ್ಟಾಗುತ್ತೆ, ಆದರೆ ಸರ ಮಾಡಿದವನ ಕೆಲಸ ಅಷ್ಟೇ ಇರುತ್ತೆ. ಗ್ರಾಂಗೆ ಇಷ್ಟು ರೂಪಾಯಿ ಅಂತ ಮಾತಾಡಿ. ಬಳೆಯನ್ನು ನಿಮ್ಮ ಕಣ್ಣೆದುರೇ ಕರಗಿಸಲಿ, ಕರಗಿದ ಗಟ್ಟಿಯನ್ನೂ ತೂಕ ಹಾಕಿಸಿ. ಮಗಳು ಬಳೆ ಹಾಕಿಕೊಳ್ಳುತ್ತಾಳೆ ಅಂದರೆ ಅದನ್ನೇ ಕೊಡಿ, ಮುರಿಸಬೇಡಿ.

ಪ್ರಕಾಶ್: ಈಗ ತಗೋಬಹುದಾ, ಇಳಿಯುತ್ತಾ?

ಆಚಾರ್: ಭವಿಷ್ಯ ಹೇಳಲ್ಲ.

ಮಂಜುನಾಥ್: ನಾನು ಹೇಳ್ತೀನಿ ಪ್ರಕಾಶ್, ಇಳಿಯಲ್ಲ. 2024ರಲ್ಲಿ ರಿಸರ್ವ್ ಬ್ಯಾಂಕೇ ಕೊಂಡಿದೆ. 2022ರಿಂದ 2024ರವರೆಗೆ ಜಗತ್ತಿನ ಕೇಂದ್ರ ಬ್ಯಾಂಕ್‌ಗಳು ಪ್ರತಿ ವರ್ಷ 1,000 ಟನ್ ದಾಟಿ ಕೊಂಡಿವೆ. ಅವರಿಗೆ ಗೊತ್ತಿಲ್ಲದ್ದು ನಮಗೇನು ಗೊತ್ತು?

ಆಚಾರ್: ಅಂಕಿ ಸರಿ, ತೀರ್ಮಾನ ತಪ್ಪು. 2022ರಲ್ಲಿ ಅಮೆರಿಕ, ಯೂರೋಪಿನವರು ರಷ್ಯಾದ ಡಾಲರ್, ಯೂರೋ ಮೀಸಲನ್ನು ತಡೆಹಿಡಿದರು. ಬೇರೆಯವರ ಕೈಯಲ್ಲಿರೋ ದುಡ್ಡು ಹೀಗೂ ಸಿಕ್ಕಿಹಾಕಿಕೊಳ್ಳಬಹುದು ಅಂತ ಎಷ್ಟೋ ದೇಶಗಳಿಗೆ ಭಯ ಹುಟ್ಟಿತು. ಅವರು ಕೊಳ್ಳೋದು ಆ ಭಯಕ್ಕೆ, ನಾಳೆ ಲಾಭಕ್ಕೆ ಮಾರೋಕಲ್ಲ.

2013 ನೋಡಿ. ಆ ವರ್ಷವೂ ಕೇಂದ್ರ ಬ್ಯಾಂಕ್‌ಗಳು ನೂರಾರು ಟನ್ ಕೊಂಡವು. ಆದರೂ ಡಾಲರ್ ಲೆಕ್ಕದಲ್ಲಿ ಚಿನ್ನ ಕಾಲು ಭಾಗಕ್ಕಿಂತ ಜಾಸ್ತಿ ಬಿತ್ತು. ಬೀಳಿಸಿದ್ದು ಹೂಡಿಕೆದಾರರು, ಜನರ ದುಡ್ಡಲ್ಲಿ ಚಿನ್ನ ಕೊಂಡಿಡೋ ಫಂಡ್‌ಗಳಾದ ಇಟಿಎಫ್‌ಗಳಿಂದಲೇ 800 ಟನ್‌ಗೂ ಮೀರಿ ಹೊರಗೆ ಹೋಯ್ತು. ಅವರು ಏರುವಾಗ ಗುಂಪಾಗಿ ಬರ್ತಾರೆ, ಇಳಿಯುವಾಗ ಗುಂಪಾಗಿ ಹೋಗ್ತಾರೆ. ಆಭರಣ ಕೊಳ್ಳುವವರು ಪೂರ್ತಿ ಉಲ್ಟಾ. ಆ ಏಪ್ರಿಲ್‌ನಲ್ಲಿ ರೇಟ್ ಕುಸಿದಾಗ ಇಲ್ಲೂ ಚೀನಾದಲ್ಲೂ ಅಂಗಡಿ ಮುಂದೆ ಜನ ಮುಗಿಬಿದ್ದರು. 2024ರಲ್ಲಿ ಏರಿದಾಗ ಜಗತ್ತಿನ ಆಭರಣ ಬೇಡಿಕೆ ತೂಕದಲ್ಲಿ 11% ಇಳಿಯಿತು, ಹಣದಲ್ಲಿ 9% ಏರಿತು. ಜನ ಜಾಸ್ತಿ ದುಡ್ಡು ಕೊಟ್ಟು ಕಮ್ಮಿ ಚಿನ್ನ ಮನೆಗೆ ತಗೊಂಡು ಹೋದರು.

ರೇಖಾ: 2013ರಲ್ಲಿ ರೂಪಾಯಿಯೂ ಬಿತ್ತಲ್ಲ ಸರ್, ಇಲ್ಲಿ ಅಷ್ಟು ಇಳಿಯಲಿಲ್ಲ. ನಾನು ಆಗ ಕೊಂಡಿದ್ದು ನೆನಪಿದೆ. ಆಮದು ಸುಂಕವನ್ನೂ 10%ಗೆ ಏರಿಸಿದ್ದರು.

ಆಚಾರ್: ಅದು ಸರಿ. ಡಾಲರ್ ರೇಟ್ ಮಾತ್ರ ನೋಡಿ ಇಲ್ಲಿಯದನ್ನು ಅಳೆಯಬಾರದು.

ಮಂಜುನಾಥ್: ಅಂದ್ರೆ ನಾನು ಹೇಳಿದ್ದೇ ಆಯ್ತಲ್ಲ. ರೂಪಾಯಿಯಲ್ಲಿ ಬೀಳಲ್ಲ.

ರೇಖಾ: ಅಷ್ಟು ಇಳಿಯಲಿಲ್ಲ ಅಂದೆ, ಇಳಿಯಲೇ ಇಲ್ಲ ಅನ್ನಲಿಲ್ಲ. ಪೂರ್ತಿ ಓದಿ.

ಮಂಜುನಾಥ್: ನಾನು ಓದಿಯೇ ಬರೀತೀನಿ ಮೇಡಂ, ನೀವು ನನಗೆ ಕಲಿಸಬೇಕಾಗಿಲ್ಲ.

ಲತಾ: ಡಿಜಿಟಲ್ ಗೋಲ್ಡ್ ಸೇಫಾ? ಯಾರಾದ್ರೂ ಹೇಳಿ.

ಹರೀಶ್: ಈಗ ತಗೋಬಹುದಾ ಸರ್?

ಆಚಾರ್: ಮೇಲೆ ಓದಿ.

ಕಿರಣ್: ಒಂದು ವಿಡಿಯೋ ಫಾರ್ವರ್ಡ್ ಬಂದಿದೆ, ಹಳೇ ಫೋನ್, ಕಂಪ್ಯೂಟರ್ ಬೋರ್ಡ್‌ನಿಂದ ಆಸಿಡ್‌ನಲ್ಲಿ ಚಿನ್ನ ತೆಗೆಯೋದು. ಈ ರೇಟಲ್ಲಿ ಲಾಭ ಅಲ್ವಾ? ನನ್ನ ತಮ್ಮ ಟೆರೇಸ್ ಮೇಲೆ ಶುರು ಮಾಡಿದಾನೆ.

ಆಚಾರ್: ಮೊದಲು ಅವನನ್ನು ಕೆಳಗೆ ಕರೀರಿ. ನೈಟ್ರಿಕ್ ಆಸಿಡ್‌ನಿಂದ ಬರೋ ಕಂದು ಹೊಗೆ ಕುಡಿದರೆ ಆಗ ಸ್ವಲ್ಪ ಕೆಮ್ಮು ಬಂದು ನಿಂತ ಹಾಗೆ ಅನ್ನಿಸುತ್ತೆ, ಗಂಟೆಗಳಾದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಅಷ್ಟು ಮಾಡಿದರೂ ಸಿಗೋದೇನು? ಒಂದು ಫೋನ್‌ನಲ್ಲಿ ಇರೋದು ಸುಮಾರು 0.03 ಗ್ರಾಂ. ಚಿನ್ನ ಏರಿದಾಗ ಎಲೆಕ್ಟ್ರಾನಿಕ್ಸ್ ಕಂಪನಿಗಳು ಸುಮ್ನೆ ಕೂರಲ್ಲ. ಚಿಪ್ ಒಳಗೆ ಕೂದಲಿಗಿಂತ ತೆಳು ಚಿನ್ನದ ತಂತಿ ಇರ್ತಿತ್ತು. 2011ರ ಏರಿಕೆಯ ಹೊತ್ತಿಗೆ ಎಷ್ಟೋ ಕಡೆ ತಾಮ್ರಕ್ಕೆ ಹೋದರು. ತಾಮ್ರ ಗಟ್ಟಿ, ತುಕ್ಕು ಹಿಡಿಯುತ್ತೆ, ಅದಕ್ಕೆ ಯಂತ್ರವನ್ನೂ ಬದಲಾಯಿಸಬೇಕು. ಅಷ್ಟೆಲ್ಲ ಖರ್ಚು ಮಾಡಿ ಬದಲಾಯಿಸಿದವರು ರೇಟ್ ಇಳಿದರೂ ಚಿನ್ನಕ್ಕೆ ಸುಲಭವಾಗಿ ವಾಪಸ್ ಬರಲ್ಲ. ವಿಡಿಯೋದಲ್ಲಿ ತೋರಿಸೋದು ಹಳೇ ಕಾಲದ ದಪ್ಪ ಲೇಪನದ ಬೋರ್ಡು. ಈ ಫಾರ್ವರ್ಡ್ ಇಲ್ಲಿ ಇನ್ನೊಮ್ಮೆ ಹಾಕಬೇಡಿ, ಯಾರೂ!

ಮಂಜುನಾಥ್: ಕಿಟಕಿ ತೆಗೆದು ಮಾಡಿದ್ರೆ ಏನೂ ಆಗಲ್ಲ, ನಮ್ಮ ಏರಿಯಾದಲ್ಲಿ ಮಾಡ್ತಾರೆ.

ಆಚಾರ್: ಮಂಜುನಾಥ್, ದಯವಿಟ್ಟು ಸುಮ್ನಿರಿ. ಕಿರಣ್, ತಮ್ಮನಿಗೆ ಕೆಮ್ಮು ಇದೆಯಾ?

ಕಿರಣ್: ಬೆಳಿಗ್ಗೆಯಿಂದ ಸ್ವಲ್ಪ ಇದೆ ಸರ್.

ಆಚಾರ್: ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನೈಟ್ರಿಕ್ ಆಸಿಡ್ ಹೊಗೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಆ ಪಾತ್ರೆ ಮುಟ್ಟಬೇಡಿ, ಅದಕ್ಕೆ ಬ್ಲೀಚ್ ಸುರಿಯಬೇಡಿ. ಹೋದ ಮೇಲೆ ನನಗೆ ಒಂದು ಮೆಸೇಜ್ ಹಾಕಿ.

ಹರೀಶ್: ಸರ್, ಮೇಲೆ ಓದಿದೆ. ತಗೋಬಹುದಾ ಅನ್ನೋದು ಎಲ್ಲಿ ಇದೆ?