ಪೆಟ್ಟಿಗೆಯೊಳಗಿನ ಕಣ: ಆಯಾಮ ಸರಿ ಬಂದರೂ ಶಕ್ತಿ ನಲವತ್ತು ಪಟ್ಟು ಹೆಚ್ಚು ಬರುತ್ತಿದೆ

ಪೆರ್ಲದ ವಿದ್ಯಾರ್ಥಿನಿ
ಬಿ.ಎಸ್ಸಿ. ಭೌತವಿಜ್ಞಾನದ ಮಾದರಿ ಪರೀಕ್ಷೆಯಲ್ಲಿ ಎರಡು ಕಡೆ ಅಂಕ ಹೋಗಿದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. 0 ಮತ್ತು L ನಡುವೆ ಸಿಕ್ಕಿಬಿದ್ದ ಎಲೆಕ್ಟ್ರಾನ್, L = 1 ನ್ಯಾನೋಮೀಟರ್. ನನ್ನ ಉತ್ತರಗಳು:

```
E1  = π²h²/(2mL²) = 14.8 eV
ψ   = (2/L) sin(πx/L)
⟨x⟩ = 1
```

ಮೂರರಲ್ಲಿ ಯಾವುದು ತಪ್ಪು? ಪರೀಕ್ಷಕರು ಬರೀ ಕೆಂಪು ಗೆರೆ ಎಳೆದಿದ್ದಾರೆ.

ಉಪ್ಪಳದ ಅಣ್ಣ
ಶಕ್ತಿಯ ಸೂತ್ರ ಸರಿಯಾಗಿಯೇ ಇದೆ ತಂಗಿ. h ಎಂದರೆ ಜೂಲ್-ಸೆಕೆಂಡ್. ಅದರ ವರ್ಗವನ್ನು ಕಿಲೋಗ್ರಾಮ್ ಮತ್ತು ಮೀಟರ್ ವರ್ಗದಿಂದ ಭಾಗಿಸಿದರೆ ಜೂಲ್ ಉಳಿಯುತ್ತದೆ. ಆಯಾಮ ಹೊಂದಿದರೆ ಲೆಕ್ಕ ಸರಿ ಎಂದೇ ಅರ್ಥ. ಎಲೆಕ್ಟ್ರಾನ್ ವೋಲ್ಟಿಗೆ ಬದಲಾಯಿಸುವಾಗ ಎಡವಿರಬೇಕು, 1.6×10⁻¹⁹ ರಿಂದ ಭಾಗಿಸಿದೆಯಾ ನೋಡು.

ಕುಂಬಳೆಯ ನಿವೃತ್ತ ಮಾಸ್ತರ್
ಭಾಗಾಕಾರದಲ್ಲಿ ದೋಷವಿಲ್ಲ, ನಾನು ಮಾಡಿ ನೋಡಿದೆ. ತಪ್ಪು ಇರುವುದು ಸೂತ್ರದಲ್ಲೇ. ಆಯಾಮ ಹೊಂದದಿದ್ದರೆ ಉತ್ತರ ಖಂಡಿತ ತಪ್ಪು, ಆದರೆ ಹೊಂದಿದ ಮಾತ್ರಕ್ಕೆ ಸರಿ ಎನ್ನಲಾಗದು. h ಗೂ ħ ಗೂ ಆಯಾಮ ಒಂದೇ, ನಡುವೆ ಇರುವುದು ಬರೀ ಸಂಖ್ಯೆಯಾದ 2π. ಅದನ್ನು ಆಯಾಮ ಹಿಡಿಯುವುದಿಲ್ಲ.

ಮಗಳೇ, ನಿನ್ನ ಕಚ್ಚಾ ಹಾಳೆ ತೆಗೆದು ನೋಡು. ಮೊದಲ ಸಾಲಿನಲ್ಲಿ ħ ಮೇಲೆ ಅಡ್ಡಗೆರೆ ಇದ್ದು, ಕೆಳಗಿನ ಯಾವುದೋ ಸಾಲಿನಲ್ಲಿ ಬಿಟ್ಟುಹೋಗಿರಬೇಕು. ಸೂತ್ರ π²ħ²/(2mL²), ಇಲ್ಲವೇ h²/(8mL²). π² ಜೊತೆಗೆ ಗೆರೆಯಿಲ್ಲದ h ಕಂಡರೆ ಅಲ್ಲೇ ಕೈ ತಡೆಯಬೇಕು. ವರ್ಗವಾಗುವುದರಿಂದ 4π², ಸುಮಾರು 39.5 ಪಟ್ಟು ಹೆಚ್ಚಾಗುತ್ತದೆ. 14.8 ನ್ನು ಅದರಿಂದ ಭಾಗಿಸಿದರೆ 0.376.

ಇದನ್ನು ಹಿಡಿಯಲು ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು: ಎಲೆಕ್ಟ್ರಾನಿಗೆ ħ²/2m ಎಂದರೆ 0.0381 eV·nm². ಅದನ್ನು ಸುಮಾರು ಹತ್ತರಿಂದ ಗುಣಿಸಿದರೆ ಒಂದು ನ್ಯಾನೋಮೀಟರ್ ಪೆಟ್ಟಿಗೆಯ ಶಕ್ತಿ 0.4 ರ ಆಸುಪಾಸಿನಲ್ಲಿ ಬರಬೇಕು ಎಂದು ಬಾಯಿಲೆಕ್ಕದಲ್ಲೇ ತಿಳಿಯುತ್ತದೆ.

ಪೆರ್ಲದ ವಿದ್ಯಾರ್ಥಿನಿ
ಮಾಸ್ತರರೇ, ಹಾಗೆಯೇ ಆಗಿದೆ. ಎರಡನೆಯ ಸಾಲಿನವರೆಗೆ ಅಡ್ಡಗೆರೆ ಇದೆ, ಪುಟ ತಿರುಗಿಸಿದ ಮೇಲೆ ಇಲ್ಲ. ಉಳಿದ ಎರಡು?

ಕುಂಬಳೆಯ ನಿವೃತ್ತ ಮಾಸ್ತರ್
ಅಲ್ಲಿ ಆಯಾಮವೇ ಕೈಹಿಡಿಯುತ್ತದೆ. ⟨x⟩ ಎಂದರೆ ಕಣ ಸರಾಸರಿ ಎಲ್ಲಿದೆ ಎಂಬುದು, ಅದು ಉದ್ದವಾಗಿರಬೇಕು. ನಿನಗೆ ಬಂದದ್ದು 1. ಒಂದು ಏನು? ಮೀಟರೇ, ನ್ಯಾನೋಮೀಟರೇ? ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಹಿಂದೆ ಎಲ್ಲೋ ಒಂದು L ಕಳೆದುಹೋಗಿದೆ. |ψ|² dx ಎಂಬುದು ಸಂಭವನೀಯತೆ, ಬರೀ ಸಂಖ್ಯೆ. ಹಾಗಾಗಿ ಒಂದೇ ದಿಕ್ಕಿನ ಲೆಕ್ಕದಲ್ಲಿ ψ ಗೆ 1/√ಉದ್ದದ ಆಯಾಮ ಇರಲೇಬೇಕು. ನಿನ್ನದು 1/ಉದ್ದ. A²·L/2 = 1 ಎಂದು ಬರೆದು A² = 2/L ಎಂಬಲ್ಲಿಗೆ ಬಂದಿದ್ದೀಯೆ, ವರ್ಗಮೂಲ ತೆಗೆಯಲು ಮರೆತಿದ್ದೀಯೆ. √(2/L) ಹಾಕು, x sin² ನ ಅನುಕಲನ L²/4, ಗುಣಿಸಿದರೆ L/2. ಪೆಟ್ಟಿಗೆಯ ನಟ್ಟನಡುವೆ.

ಸಂಖ್ಯೆ ಹಾಕುವ ಮುನ್ನ, L ಅಕ್ಷರವಾಗಿಯೇ ಇರುವಾಗ ಈ ಪರಿಶೀಲನೆ ಮಾಡಬೇಕು. 1 ಎಂದು ತುಂಬಿದ ಮೇಲೆ ಕಳೆದುಹೋದ L ಕಣ್ಣಿಗೆ ಬೀಳುವುದೇ ಇಲ್ಲ.

ಮಂಜೇಶ್ವರದ ಬಿ.ಎಡ್.
ನನ್ನದೂ ಇದೇ ಜಾತಿಯ ತಪ್ಪು, ಆದರೆ ಆವರ್ತಕ ದೋಲಕದಲ್ಲಿ. ψ₀ ಗೆ (mω/πħ)^(1/2) ಎಂದು ಬರೆದಿದ್ದೆ. mω/ħ ಎಂದರೆ 1/ಉದ್ದವರ್ಗ, ಅರ್ಧ ಘಾತ ಹಾಕಿದರೆ 1/ಉದ್ದ. ಮಾಸ್ತರರು ಹೇಳಿದಂತೆ 1/√ಉದ್ದ ಬೇಕಿದ್ದರೆ ಘಾತ 1/4 ಆಗಬೇಕು. ಈಗ ತಿಳಿಯಿತು. ಆದರೆ ಚಿಹ್ನೆಯ ತಪ್ಪು? ನಾನು ψ'' = +k²ψ ಎಂದು ಬರೆದು ಮುಂದೆ sin ಹಾಕಿಬಿಡುತ್ತೇನೆ.

ಕುಂಬಳೆಯ ನಿವೃತ್ತ ಮಾಸ್ತರ್
ಕೂಡು-ಕಳೆಯನ್ನು ಆಯಾಮ ಹಿಡಿಯುವುದಿಲ್ಲ. ಅಲ್ಲಿ ಉತ್ತರವನ್ನೇ ಸಮೀಕರಣಕ್ಕೆ ಹಿಂದಿರುಗಿ ಹಾಕಬೇಕು. sin ನ ಎರಡನೆಯ ಅವಕಲನ −k² sin, ಪ್ಲಸ್ ಬರಲು ಸಾಧ್ಯವೇ ಇಲ್ಲ. ಪ್ಲಸ್ ಚಿಹ್ನೆಯನ್ನು ನಂಬಿ sinh ತೆಗೆದುಕೊಂಡರೆ ಅದು ಎರಡೂ ಗೋಡೆಗಳಲ್ಲಿ ಸೊನ್ನೆಯಾಗುವುದಿಲ್ಲ. ಇನ್ನೊಂದು ಗುರುತು: ಪೆಟ್ಟಿಗೆಯೊಳಗೆ ಇರುವುದು ಚಲನಶಕ್ತಿ ಮಾತ್ರ, E ಋಣಾತ್ಮಕವಾಗಿ ಬಂದರೆ ಚಿಹ್ನೆ ಜಾರಿದೆ.

ಉಪ್ಪಳದ ಅಣ್ಣ
2π ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೆ ಪೆಟ್ಟಿಗೆ −a ಯಿಂದ a ವರೆಗೆ ಎಂದು ಕೊಟ್ಟಾಗ L ಜಾಗಕ್ಕೆ a ಹಾಕಿದರೆ?

ಕುಂಬಳೆಯ ನಿವೃತ್ತ ಮಾಸ್ತರ್
ಅದೂ ಆಯಾಮಕ್ಕೆ ಕಾಣದ ತಪ್ಪೇ, ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅಗಲ 2a. ಚಿತ್ರ ಬಿಡಿಸಿ ಗೋಡೆಯಿಂದ ಗೋಡೆಗೆ ಅಳೆಯಬೇಕು.

ಪೆರ್ಲದ ವಿದ್ಯಾರ್ಥಿನಿ
ಶಕ್ತಿಯ ಲೆಕ್ಕದಲ್ಲಿ ಹಂತಗಳಿಗಾದರೂ ಅಂಕ ಕೊಡಬಹುದಿತ್ತೇ? ಐದರಲ್ಲಿ ಒಂದು ಕೊಟ್ಟಿದ್ದಾರೆ.

ಮಂಜೇಶ್ವರದ ಬಿ.ಎಡ್.
ನಮ್ಮಲ್ಲಿ ಎರಡೂವರೆ ಕೊಡುತ್ತಿದ್ದರು. ಒಬ್ಬೊಬ್ಬ ಪರೀಕ್ಷಕರು ಒಂದೊಂದು ರೀತಿ. ಮಾಸ್ತರರೇ, ಸಂವೇಗದ φ(p) ಗೂ ಇದೇ 1/√ಉದ್ದ ನಡೆಯುತ್ತದೆಯೇ, ಅಥವಾ ಅಲ್ಲಿ ಬೇರೆಯೇ?