ಶೇಷ 3 ಬಂದ್ರೆ ಪಾಯಿಂಟ್ 3 ಅಂತ ಬರೀತಾರೆ, ಭಾಗಾಕಾರದ ವರ್ಕ್‌ಶೀಟ್ ಹೇಗೆ ಜೋಡಿಸ್ತೀರ?

ಪ್ರಶ್ನೆ: ಸಂಜೆ ಹೊತ್ತು ಐದಾರು ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀನಿ. ಮಗ್ಗಿ ಬರುತ್ತೆ, ಪೂರ್ತಿ ಭಾಗ ಹೋಗೋ ಲೆಕ್ಕ ಸಲೀಸಾಗಿ ಮಾಡ್ತಾರೆ, ಶೇಷ ಉಳಿದ್ರೂ ಪರವಾಗಿಲ್ಲ, ಆದ್ರೆ ದಶಮಾಂಶದವರೆಗೆ ಮಾಡಿ ಅಂದ ತಕ್ಷಣ 21 ಶೇಷ 3 ಅನ್ನೋದನ್ನ 21.3 ಅಂತ ಬರೆದಿಟ್ಟು ಕೂತ್ಕೋತಾರೆ. ಮೂರು ಹಂತಾನೂ ಒಂದೇ ಶೀಟ್‌ನಲ್ಲಿ ಬರೋ ಹಾಗೆ ಮಾಡೋಣ ಅಂತಿದ್ದೀನಿ. ಮಾಡಿದವರು ಯಾರಾದ್ರೂ ಇದ್ರೆ ಹೇಳಿ.

ಸೀಮೆಸುಣ್ಣ: ನಾನು ಮೊದಮೊದಲು ಮೂರು ಹಂತಕ್ಕೆ ಮೂರು ಬೇರೆ ಬೇರೆ ಶೀಟ್ ಮಾಡ್ತಿದ್ದೆ, ಮಕ್ಕಳು ಅದನ್ನ ಮೂರು ಬೇರೆ ಪಾಠ ಅಂತಾನೇ ತಿಳ್ಕೊಂಡಿದ್ರು. ಆಮೇಲೆ ಅಡ್ಡಸಾಲಲ್ಲಿ ಜೋಡಿಸೋಕೆ ಶುರು ಮಾಡಿದೆ. ಒಂದು ಸಾಲಲ್ಲಿ ಮೂರು ಲೆಕ್ಕ: 84 ÷ 4, ಅದರ ಪಕ್ಕ 87 ÷ 4 ಶೇಷ ಬರೀರಿ, ಅದರ ಪಕ್ಕ ಅದೇ 87 ÷ 4 ದಶಮಾಂಶದಲ್ಲಿ. ಮೊದಲನೇದು 21, ಎರಡನೇದು 21 ಶೇಷ 3. ಮೂರನೇದಕ್ಕೆ ಹೊಸದಾಗಿ ಶುರು ಮಾಡೋ ಹಾಗೇ ಇಲ್ಲ, ಎರಡನೇದು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಬೇಕು. ಉಳಿದ 3 ಬಿಡಿಯನ್ನ ಒಡೆದ್ರೆ 30 ದಶಾಂಶ ಆಗುತ್ತೆ, ಮೇಲೆ 21ರ ಮುಂದೆ ಬಿಂದು ಇಟ್ಟು 30ರಲ್ಲಿ 4 ಏಳು ಸಲ, 28 ಹೋಗಿ 2 ಉಳೀತು, ಅದು 20 ಆಯ್ತು, ಐದು ಸಲ, ಮುಗೀತು. 21.75.

ಈಗ ನಿಮ್ಮ 21.3ಕ್ಕೆ ಮದ್ದು. ಎಲ್ಲಾ ಸಾಲಲ್ಲೂ ಬೇಕಂತಲೇ ಒಂದೇ ಶೇಷ ಇಡಿ, ಭಾಜಕ ಮಾತ್ರ ಬದಲಾಯಿಸಿ. ನನ್ನ ಶೀಟ್‌ನಲ್ಲಿ ಎರಡನೇ ಸಾಲು 65 ÷ 5, ಆಮೇಲೆ 68 ÷ 5, ಇಲ್ಲೂ ಶೇಷ 3, ಆದ್ರೆ ಉತ್ತರ 13.6. ಮೂರನೇ ಸಾಲು 96 ÷ 8, ಆಮೇಲೆ 99 ÷ 8, ಮತ್ತೆ ಶೇಷ 3, ಉತ್ತರ 12.375. ಸಾಲು ಮುಗಿಯೋ ಹೊತ್ತಿಗೆ ಯಾವುದೋ ಒಂದು ಮಗು "ಮೂರೂ ಕಡೆ ಮೂರೇ ಉಳಿದಿದೆ, ಪಾಯಿಂಟ್ ಆದ್ಮೇಲೆ ಯಾಕೆ ಬೇರೆ ಬೇರೆ" ಅಂತ ಕೇಳೇ ಕೇಳುತ್ತೆ. ನಾಲ್ಕು ಜನಕ್ಕೆ ಹಂಚೋವಾಗ ಉಳಿದ 3, ಎಂಟು ಜನಕ್ಕೆ ಹಂಚೋವಾಗ ಉಳಿದ 3, ಒಬ್ಬೊಬ್ಬರಿಗೆ ಸಿಗೋದು ಒಂದೇ ಆಗುತ್ತಾ ಅಂತ ತಿರುಗಿ ಕೇಳಿದ್ರೆ ಸಾಕು.

ಒಂದು ಎಚ್ಚರಿಕೆ, ಈ ಶೀಟ್‌ನಲ್ಲಿ 10ರಿಂದ ಭಾಗಿಸೋ ಲೆಕ್ಕ ಹಾಕಲೇಬೇಡಿ. 43 ÷ 10 ಅಂದ್ರೆ 4 ಶೇಷ 3, ದಶಮಾಂಶದಲ್ಲೂ 4.3. ತಪ್ಪು ತಿಳ್ಕೊಂಡವನಿಗೂ ರೈಟ್ ಮಾರ್ಕ್ ಬೀಳುತ್ತೆ, ನಮಗೆ ಗೊತ್ತೂ ಆಗಲ್ಲ.

ಮಗ್ಗಿ ಪುಸ್ತಕ: ಚೆನ್ನಾಗಿದೆ ಸರ್. ಇನ್ನೊಂದು ಸೇರಿಸ್ತೀನಿ, ದಶಮಾಂಶದ ಕಾಲಮ್‌ಗೆ ಭಾಜಕ 2, 4, 5, 8 ಮಾತ್ರ ಇರಬೇಕು. 3, 6, 7, 9 ಹಾಕಿದ್ರೆ ಮುಗಿಯೋದೇ ಇಲ್ಲ, 3333 ಅಂತ ಪೇಜ್ ತುಂಬಾ ಬರೀತಾ ಹೋಗ್ತಾರೆ. ನನ್ನ ಕ್ಲಾಸಲ್ಲಿ ಒಬ್ಬ 6 ಅಂಚು ದಾಟಿಸಿ ಪಕ್ಕದ ಪೇಜಿಗೂ ಹೋಗಿದ್ದ.

ಸೀಮೆಸುಣ್ಣ: 7 ಹಾಕೋದು ಬೇಡ ಅನ್ನೋದು ಸರಿ, ಶೇಷ ಏನೇ ಉಳಿದ್ರೂ 7 ಮುಗಿಯಲ್ಲ. 3, 9 ಕೂಡ ಹಾಗೇ. ಆದ್ರೆ 6ನ್ನ ಬಿಡ್ಬೇಡಿ ಮೇಡಂ, ಶೇಷ 3 ಉಳಿದ್ರೆ 6 ಚೆನ್ನಾಗಿ ಮುಗಿಯುತ್ತೆ, ಅರ್ಧ ತಾನೆ. ನನ್ನ ನಾಲ್ಕನೇ ಸಾಲೇ 6ರದ್ದು: 612 ÷ 6, ಆಮೇಲೆ 615 ÷ 6. ಮೊದಲನೇದು 102, ಎರಡನೇದು 102 ಶೇಷ 3, ಮೂರನೇದು 102.5. ಇದನ್ನ ಆರಿಸಿದ್ದಕ್ಕೆ ಇನ್ನೊಂದು ಕಾರಣಾನೂ ಇದೆ, ನಡುವಿನ ಸೊನ್ನೆ. 1 ಇಳಿಸಿದಾಗ 6 ಹೋಗಲ್ಲ, ಸೊನ್ನೆ ಬರೆಯದೆ ಸೀದಾ 2 ಇಳಿಸಿಬಿಡ್ತಾರೆ, ಉತ್ತರ 12 ಅಂತ ಬರುತ್ತೆ. ಈ ತಪ್ಪು ಮೊದಲನೇ ಕಾಲಮ್‌ನಲ್ಲೇ ಸಿಕ್ಕಿಬೀಳಬೇಕು, ಇಲ್ಲಾಂದ್ರೆ ದಶಮಾಂಶದಲ್ಲಿ 12.5 ಬಂದಾಗ ತಪ್ಪಿದ್ದು ಸೊನ್ನೇಲೋ ಬಿಂದುವಲ್ಲೋ ಅಂತ ಹುಡುಕ್ತಾ ಕೂರಬೇಕು.

ಸಂಜೆ ಪಾಠ: ನಮ್ಮ ಮಗಳಿಗೆ 8.4 ÷ 4 ಥರದ್ದೇ ಕಷ್ಟ. ಭಾಜ್ಯದಲ್ಲೇ ಬಿಂದು ಇದ್ರೆ ಎಲ್ಲಿ ಇಡಬೇಕು ಅಂತ ಗೊತ್ತಾಗಲ್ಲ, ಕೊನೇಲಿ ಎಣಿಸಿ ಎಲ್ಲೋ ಒಂದು ಕಡೆ ಇಡ್ತಾಳೆ. ಇದಕ್ಕೂ ಈ ಶೀಟ್ ಆಗುತ್ತಾ?

ಮಗ್ಗಿ ಪುಸ್ತಕ: ಅದು ಬೇರೆ ವಿಷಯ ಅನ್ಸುತ್ತೆ ಅಕ್ಕಾ, ಅವರು ಕೇಳ್ತಿರೋದು ಪೂರ್ಣ ಸಂಖ್ಯೆ ಭಾಗಿಸಿ ಉತ್ತರದಲ್ಲಿ ದಶಮಾಂಶ ಬರೋದು. ಆದ್ರೂ ಚೌಕದ ಹಾಳೇಲಿ ಮಾಡ್ಸಿ ನೋಡಿ. ಒಂದು ಚೌಕಕ್ಕೆ ಒಂದೇ ಅಂಕಿ, ಭಾಜ್ಯದ ಬಿಂದು ಎಲ್ಲಿದೆಯೋ ಅದರ ನೇರ ಮೇಲೆ ಉತ್ತರದ ಬಿಂದುನ ಮೊದಲೇ ಇಟ್ಟುಬಿಡೋದು.

ಕೋಷ್ಟಕ: ಲೆಕ್ಕಗಳನ್ನ ಕೂತು ಯೋಚಿಸೋ ಬದಲು ಸ್ಪ್ರೆಡ್‌ಶೀಟ್‌ನಲ್ಲಿ ಹಿಂದಿನಿಂದ ಕಟ್ಟಿ. A2ರಲ್ಲಿ ಭಾಜಕ ನೀವೇ ಟೈಪ್ ಮಾಡಿ, B2, C2, D2ಗಳಲ್ಲಿ ಕ್ರಮವಾಗಿ ಭಾಗಲಬ್ಧ, ಶೇಷ, ಭಾಜ್ಯ:

```
=RANDBETWEEN(12,30)
=RANDBETWEEN(1,A2-1)
=A2*B2+C2
```

ಒಂದೇ ಶೇಷ ಬೇಕು ಅಂದ್ರೆ C2ರಲ್ಲಿ ಫಾರ್ಮುಲಾ ಬದಲು 3 ಅಂತ ಹಾಕಿ. ಪ್ರಿಂಟ್ ಕೊಡೋ ಮೊದಲು ಕಾಪಿ ಮಾಡಿ ಬರೀ ವ್ಯಾಲ್ಯೂ ಪೇಸ್ಟ್ ಮಾಡ್ಕೊಳ್ಳಿ, ಯಾಕಂದ್ರೆ ಶೀಟ್‌ನಲ್ಲಿ ಏನು ಮುಟ್ಟಿದ್ರೂ ಅಂಕಿಗಳು ಬದಲಾಗ್ತವೆ. ನಾನು ಪ್ರಶ್ನೆ ಪ್ರಿಂಟ್ ತೆಗೆದು, ಆಮೇಲೆ ಹೆಡಿಂಗ್ ತಿದ್ದಿ, ಆಮೇಲೆ ಉತ್ತರ ಪ್ರಿಂಟ್ ತೆಗೆದೆ. ಒಂದೂ ತಾಳೆ ಆಗ್ಲಿಲ್ಲ. ಅದು ಗೊತ್ತಾಗೋ ಅಷ್ಟರಲ್ಲಿ ನಾಲ್ಕು ಮಕ್ಕಳ ಸರಿ ಉತ್ತರಕ್ಕೆ ತಪ್ಪು ಹಾಕಾಗಿತ್ತು.

ಪ್ರಶ್ನೆ ಕೇಳಿದವರು: ನಾಲ್ಕು ಸಾಲು ನಿನ್ನೆ ಕೊಟ್ಟೆ. 21.3 ಬರೆಯೋರು ಮೂವರಿದ್ರು, ಇಬ್ಬರು ಎರಡನೇ ಸಾಲಲ್ಲೇ ತಿದ್ದಿಕೊಂಡ್ರು. ಇನ್ನೊಬ್ಬ 13.3 ಅಂತಾನೂ ಬರೆದ, 13.3 ಇಂಟು 5 ಮಾಡಿ ನೋಡು ಅಂದೆ, 66.5 ಬಂತು, "ಒಂದೂವರೆ ಎಲ್ಲಿ ಹೋಯ್ತು" ಅಂತ ಅವನೇ ಕೇಳಿದ. ಆದ್ರೆ ಈಗ ಹೊಸ ತಕರಾರು. ಪಾಯಿಂಟ್ ಆದ್ಮೇಲೆ ಸೊನ್ನೆ ಬರೋ ಲೆಕ್ಕ ಹುಡುಕ್ತಿದ್ದೀನಿ, 5.05 ಥರ, ಭಾಜಕ ಒಂದಂಕಿ ಇಟ್ಕೊಂಡು ಎಷ್ಟು ಒದ್ದಾಡಿದ್ರೂ ಸಿಗ್ತಿಲ್ಲ.

ಸೀಮೆಸುಣ್ಣ: ಸಿಗಲ್ಲ, ಹುಡುಕಬೇಡಿ 🙂 ಶೇಷ ಕನಿಷ್ಠ 1 ಇರುತ್ತೆ, ಒಡೆದಾಗ ಕನಿಷ್ಠ 10 ಆಗುತ್ತೆ, ಒಂದಂಕಿ ಭಾಜಕ 10ರಲ್ಲಿ ಒಂದು ಸಲನಾದ್ರೂ ಹೋಗೇ ಹೋಗುತ್ತೆ. ಅದಕ್ಕೆ ಎರಡಂಕಿ ಭಾಜಕಾನೇ ಬೇಕು. 101 ÷ 20 ತಗೊಳ್ಳಿ, 5 ಶೇಷ 1, ಅದು 10 ಆದ್ರೂ 20 ಹೋಗಲ್ಲ, ಸೊನ್ನೆ ಬರೆದು 100 ಮಾಡಿದ್ರೆ ಐದು ಸಲ. 126 ÷ 25 ಕೂಡ ಆಗುತ್ತೆ, 5.04. ಇವನ್ನ ಮಾತ್ರ ಇದೇ ಶೀಟ್‌ಗೆ ತುರುಕಬೇಡಿ, 612 ÷ 6ರಲ್ಲಿ ಸೊನ್ನೆ ಬಿಡದೇ ಇರೋರಿಗೆ ಮುಂದಿನ ವಾರ ಕೊಡಿ.

ಮಗ್ಗಿ ಪುಸ್ತಕ: ಒಂದು ಮಾತ್ರ ನಾನು ಒಪ್ಪಲ್ಲ. ಶೇಷಕ್ಕೂ ದಶಮಾಂಶಕ್ಕೂ ಮಧ್ಯೆ ಭಿನ್ನರಾಶಿಯ ಕಾಲಮ್ ಒಂದು ಬೇಕೇಬೇಕು. 87 ÷ 4 ಅಂದ್ರೆ 21 ಮತ್ತೆ ನಾಲ್ಕರಲ್ಲಿ ಮೂರು ಭಾಗ ಅಂತ ಬರೆದ ಮಗು 21.3 ಅಂತ ಬರೆಯೋದೇ ಇಲ್ಲ.

ಸೀಮೆಸುಣ್ಣ: ಮುಕ್ಕಾಲು ಅಂದ್ರೆ .75 ಅಂತ ಮೊದಲೇ ಗೊತ್ತಿರೋರು ಭಾಗಾಕಾರ ಮುಂದುವರಿಸದೆ ಸೀದಾ ಉತ್ತರ ಬರೆದುಬಿಡ್ತಾರಲ್ಲ ಮೇಡಂ, ನನಗೆ ಹಾಗೇ ಆಗಿದೆ.

ಮಗ್ಗಿ ಪುಸ್ತಕ: ಬರೀಲಿ ಬಿಡಿ ಸರ್, 99 ÷ 8 ಬಂದಾಗ ಭಾಗಿಸಲೇಬೇಕಾಗುತ್ತಲ್ಲ.