ಟ್ರಿಪ್ ಲೆಕ್ಕವೋ, ತಿಂಗಳ ಸಂಬಳವೋ: ಲಾರಿ ಚಾಲಕರ ಪ್ರಶ್ನೋತ್ತರ

ಚಾಲಕರ ಪತ್ನಿ: ನನ್ನ ಪತಿಗೆ ಎರಡು ಕಡೆಯಿಂದ ಕೆಲಸದ ಕರೆ ಬಂದಿದೆ. ಮೊದಲನೆಯವರು ತಿಂಗಳ ಸಂಬಳದ ಜೊತೆ ದಿನದ ಬಾಟಾ ಕೊಡುತ್ತಾರೆ, ದಾರಿಯ ಮಧ್ಯೆ ಚಾಲಕರನ್ನು ಬದಲಿಸುತ್ತಾರೆ. ಎರಡನೆಯವರದು ಟ್ರಿಪ್ ಲೆಕ್ಕ. ತಿಂಗಳಿಗೆ ಆರು ಟ್ರಿಪ್ ಹೊಡೆದರೆ ಮೊದಲಿನವರ ಒಂದೂವರೆ ಪಟ್ಟು ಸಿಗುತ್ತದೆ ಎನ್ನುತ್ತಾರೆ. ಹೋಗಲು 1,300 ಕಿಲೋಮೀಟರ್, ಬರಲು ಅಷ್ಟೇ. ಲೋಡ್ 36 ಗಂಟೆಯಲ್ಲಿ ತಲುಪದಿದ್ದರೆ ಹಣ ಮುರಿಯುತ್ತಾರಂತೆ. ಯಾವುದನ್ನು ಒಪ್ಪಿಕೊಳ್ಳುವುದು ಒಳ್ಳೆಯದು?

ಫ್ಲೀಟ್ ಮೇಲ್ವಿಚಾರಕರು: ಅಮ್ಮಾ, ಹಣದ ಮಾತಿಗಿಂತ ಮುಂಚೆ ಆ 36 ಗಂಟೆಯನ್ನು ನೋಡೋಣ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಆತಂಕ ತಂದದ್ದು ಅದೇ. ತುಂಬಿದ ಲಾರಿ ಟೋಲ್, ಘಟ್ಟ, ಊರಿನೊಳಗಿನ ನಿರ್ಬಂಧ ಎಲ್ಲ ಸೇರಿ ಗಂಟೆಗೆ ಸರಾಸರಿ 40 ಕಿಲೋಮೀಟರ್ ಓಡುತ್ತದೆ ಎಂದುಕೊಳ್ಳಿ. ಆಗ 1,300 ಕಿಲೋಮೀಟರಿಗೆ ಮೂವತ್ತೆರಡೂವರೆ ಗಂಟೆ ಸ್ಟಿಯರಿಂಗ್ ಹಿಡಿದೇ ಇರಬೇಕು. ಉಳಿಯುವುದು ಮೂರೂವರೆ ಗಂಟೆ. ಊಟ, ಸ್ನಾನ, ಟೈರು ನೋಡುವುದು, ನಿದ್ದೆ ಎಲ್ಲವೂ ಅದರೊಳಗೇ ಮುಗಿಯಬೇಕು. ಒಬ್ಬ ಚಾಲಕನಿಗೆ ಇದು ಕಷ್ಟದ ಕೆಲಸವಲ್ಲ, ಆಗದ ಕೆಲಸ. ಆದ್ದರಿಂದ ಆ ಗಾಡಿಯಲ್ಲಿ ಇಬ್ಬರು ಚಾಲಕರು ಇರುತ್ತಾರೆಯೇ ಎಂದು ಮೊದಲು ಕೇಳಿ.

ಈಗ ಹಣಕ್ಕೆ ಬರೋಣ. ಮೊದಲನೆಯವರ ತಿಂಗಳ ಸಂಬಳವನ್ನು ನೂರು ಎಂದಿಟ್ಟುಕೊಂಡರೆ ಎರಡನೆಯವರು ಆರು ಟ್ರಿಪ್ಪಿಗೆ ನೂರೈವತ್ತು ಕೊಡುತ್ತಾರೆ, ಅಂದರೆ ಒಂದು ಟ್ರಿಪ್ಪಿಗೆ ಇಪ್ಪತ್ತೈದು. ಹೋಗಿಬರುವ ಒಂದು ಟ್ರಿಪ್ಪಿಗೆ 65 ಗಂಟೆ ಚಾಲನೆ ಬೇಕು, ಆರು ಟ್ರಿಪ್ಪಿಗೆ 390 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ 26 ದಿನ ದುಡಿದರೆ ಆಗುವುದು 208 ಗಂಟೆ. ಆ 208 ಗಂಟೆಯಷ್ಟೇ ಓಡಿಸಿದರೆ ತಿಂಗಳಿಗೆ ಮೂರಕ್ಕಿಂತ ಸ್ವಲ್ಪ ಹೆಚ್ಚು ಟ್ರಿಪ್ ಮುಗಿಯುತ್ತದೆ, ಕೈಗೆ ಬರುವುದು ಸುಮಾರು ಎಂಬತ್ತು. ಅಂದರೆ ನಿಯಮದಂತೆ ದುಡಿಯುವವನಿಗೆ ಎರಡನೆಯ ಕೆಲಸದಲ್ಲಿ ಸಿಗುವುದು ಕಡಿಮೆ. ಆ ಹೆಚ್ಚುವರಿ ಐವತ್ತು ಬರುವುದು ಚಾಲಕನ ನಿದ್ದೆಯಿಂದಲೇ. ಲೋಡಿಂಗ್ ಮತ್ತು ಅನ್‌ಲೋಡಿಂಗ್‌ಗೆ ಕಾಯುವ ಹೊತ್ತನ್ನು ನಾನು ಇನ್ನೂ ಸೇರಿಸಿಲ್ಲ.

ಚಿಕ್ಕ ಗಾಡಿ ಚಾಲಕ: ಸರ್, ನನ್ನ ಬಳಿ ಕಾರಿನ ಎಲ್‌ಎಂವಿ ಲೈಸೆನ್ಸ್ ಮಾತ್ರ ಇದೆ. ಸರಕಿನ ಚಿಕ್ಕ ಗಾಡಿ ಓಡಿಸಬಹುದೇ?

ಗೋದಾಮು ಮೇಲ್ವಿಚಾರಕ: ಓಡಿಸಬಹುದು. ಏಳೂವರೆ ಟನ್ ಲೋಡ್ ಹಾಕುವ ತನಕ ತೊಂದರೆಯಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ.

ಫ್ಲೀಟ್ ಮೇಲ್ವಿಚಾರಕರು: ಅರ್ಧ ಸರಿ, ಅರ್ಧ ಅಪಾಯಕಾರಿ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದ್ದು 7,500 ಕಿಲೋಗ್ರಾಂ ಒಳಗಿನ ಒಟ್ಟು ತೂಕದ ಗಾಡಿಗಳ ಬಗ್ಗೆ. ಒಟ್ಟು ತೂಕವೆಂದರೆ ಗಾಡಿಯ ಸ್ವಂತ ತೂಕವೂ ಸೇರಿದ ನೋಂದಾಯಿತ ತೂಕ. ಅದನ್ನು ಆರ್‌ಸಿಯಲ್ಲಿ ನೋಡಿಕೊಳ್ಳಬೇಕು. ಏಳೂವರೆ ಟನ್ ಸರಕು ಹೊರುವ ಗಾಡಿ ಆ ಮಿತಿಯನ್ನು ಎಂದೋ ದಾಟಿರುತ್ತದೆ. ಅದನ್ನು ಎಲ್‌ಎಂವಿ ಲೈಸೆನ್ಸಿನಲ್ಲಿ ಓಡಿಸಿ ಅಪಘಾತವಾದರೆ ವಿಮೆಯವರು ಲೈಸೆನ್ಸಿನ ವಿಷಯವನ್ನೇ ಮೊದಲು ಎತ್ತುತ್ತಾರೆ.

ಟ್ಯಾಂಕರ್ ಚಾಲಕ: ನಾನು ಹಾಲಿನ ಟ್ಯಾಂಕರ್ ಬಿಟ್ಟು ಪೆಟ್ರೋಲ್ ಟ್ಯಾಂಕರಿಗೆ ಹೋಗಬೇಕೆಂದಿದ್ದೇನೆ. ಹೆವಿ ಲೈಸೆನ್ಸ್ ಹಳೆಯದು, ಅನುಭವವೂ ಇದೆ. ಆದರೂ ಆ ಮಾಲೀಕರು ತರಬೇತಿಯ ಪತ್ರ ತಾ ಎನ್ನುತ್ತಿದ್ದಾರೆ. ನನ್ನನ್ನು ಓಡಾಡಿಸಲು ಹೇಳುತ್ತಿದ್ದಾರೆಯೇ?

ಫ್ಲೀಟ್ ಮೇಲ್ವಿಚಾರಕರು: ಇಲ್ಲ, ಅವರು ಕೇಳುತ್ತಿರುವುದು ಸರಿ. ಅಪಾಯಕಾರಿ ಸರಕು ಸಾಗಿಸಲು ಹೆವಿ ಲೈಸೆನ್ಸ್ ಒಂದೇ ಸಾಲದು. ಮೂರು ದಿನದ ತರಬೇತಿ ಮುಗಿಸಿ, ಅದನ್ನು ಲೈಸೆನ್ಸಿನಲ್ಲಿ ನಮೂದು ಮಾಡಿಸಿಕೊಳ್ಳಬೇಕು. ಪತ್ರ ಕೇಳದೆ ಕೀಲಿಕೈ ಕೊಡುವ ಮಾಲೀಕರ ಬಗ್ಗೆಯೇ ನೀವು ಅನುಮಾನಪಡಬೇಕು.

ಚಾಲಕರ ಪತ್ನಿ: ಸರ್, ಕಾಯುವ ಹೊತ್ತಿಗೆ ಹಣ ಕೊಡುತ್ತೀರಾ ಎಂದು ಎರಡನೆಯವರನ್ನು ಕೇಳಿದೆವು. ಕಾಯುವಾಗ ಚಾಲಕ ಮಲಗಿಯೇ ಇರುತ್ತಾನಲ್ಲ, ಅದೇ ವಿಶ್ರಾಂತಿ ಎಂದರು.

ಗೋದಾಮು ಮೇಲ್ವಿಚಾರಕ: ಅವರು ಹೇಳುವುದರಲ್ಲಿ ತಪ್ಪೇನಿದೆ? ನಮ್ಮ ಗೋದಾಮಿನ ಅಂಗಳದಲ್ಲಿ ಲಾರಿಗಳು ಆರೆಂಟು ಗಂಟೆ ನಿಂತಿರುತ್ತವೆ. ಚಾಲಕರು ಕ್ಯಾಬಿನ್ನಿನಲ್ಲಿ ಹಾಯಾಗಿ ನಿದ್ದೆ ಮಾಡುತ್ತಾರೆ.

ಟ್ಯಾಂಕರ್ ಚಾಲಕ: ಹಾಯಾಗಿ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ, ಸ್ವಾಮಿ. ಸಾಲು ಒಂದು ಗಾಡಿಯಷ್ಟು ಮುಂದೆ ಸರಿದಾಗಲೆಲ್ಲ ನಿಮ್ಮ ಕಾವಲುಗಾರನೇ ಬಾಗಿಲು ಬಡಿದು ಎಬ್ಬಿಸುತ್ತಾನೆ. ಸರದಿ ತಪ್ಪಿದರೆ ಮರುದಿನದವರೆಗೆ ಹೊರಗೆ ನಿಲ್ಲಬೇಕು.

ಗೋದಾಮು ಮೇಲ್ವಿಚಾರಕ: ಟೋಕನ್ ಪಡೆದು ಬಂದವರನ್ನು ಯಾರೂ ಎಬ್ಬಿಸುವುದಿಲ್ಲ. ಹೊತ್ತಿಗೆ ಮುಂಚೆ ಬಂದು ನಿಲ್ಲುವುದು ನಿಮ್ಮ ಮಾಲೀಕರ ತಪ್ಪು, ನಮ್ಮದಲ್ಲ.

ಟ್ಯಾಂಕರ್ ಚಾಲಕ: ಟೋಕನ್ನಿನಲ್ಲಿ ಬರೆದ ಹೊತ್ತಿಗೆ ಒಮ್ಮೆಯಾದರೂ ಗೇಟು ತೆಗೆದಿದ್ದೀರಾ?

ಫ್ಲೀಟ್ ಮೇಲ್ವಿಚಾರಕರು: ಇಬ್ಬರೂ ದಯವಿಟ್ಟು ಪ್ರಶ್ನೆಯ ಮೇಲೆ ಮಾತನಾಡಿ. ಗಾಡಿಯನ್ನು ಬಿಟ್ಟು ಹೋಗಲು ಅನುಮತಿಯಿದ್ದು, ಇಂಥ ಹೊತ್ತಿಗೆ ಮುಂಚೆ ಕರೆಯುವುದಿಲ್ಲ ಎಂದು ಮೊದಲೇ ತಿಳಿಸಿದ್ದರೆ ನಾನು ಅದನ್ನು ವಿಶ್ರಾಂತಿ ಎಂದು ಬರೆದುಕೊಳ್ಳುತ್ತೇನೆ. ಯಾವಾಗ ಕರೆ ಬರುತ್ತದೋ ಗೊತ್ತಿಲ್ಲದೆ ಸಾಲಿನಲ್ಲಿ ಕುಳಿತವನು ಕೆಲಸದಲ್ಲಿಯೇ ಇದ್ದಾನೆ. ಎಂಟು ಗಂಟೆ ಹೀಗೆ ಕಾದು, ಸಂಜೆ ಲೋಡ್ ತುಂಬಿಸಿಕೊಂಡು ಹೊರಟ ಚಾಲಕನಿಗೆ ನಸುಕಿನ ಎರಡರಿಂದ ಐದರ ನಡುವೆ ತೂಕಡಿಕೆ ಬರುವುದು ಸಹಜ, ಏಕೆಂದರೆ ದೇಹ ನಿದ್ದೆಗೆ ಅತಿ ಹೆಚ್ಚು ಎಳೆಯುವ ಹೊತ್ತೇ ಅದು. ಅಮ್ಮಾ, ಹಾಲ್ಟಿಂಗ್ ಹಣವನ್ನು ಎಷ್ಟು ಗಂಟೆಯ ನಂತರ, ಯಾರು ಕೊಡುತ್ತಾರೆ ಎಂಬುದು ಕಾಗದದಲ್ಲಿ ಇರಬೇಕು. ಗಾಡಿಯ ಮಾಲೀಕರು ಸರಕಿನವರಿಂದ ಆ ಹಣವನ್ನು ವಸೂಲು ಮಾಡಿಯೂ ಚಾಲಕನಿಗೆ ತಲುಪಿಸದಿರುವುದುಂಟು.

ಗುಂಪಿನ ಹಿರಿಯ ಸದಸ್ಯ: ಎಲ್ಲ ಚಾಲಕ ಮಿತ್ರರಿಗೆ ಉಪಯುಕ್ತ ಮಾಹಿತಿ, ಬಂದದ್ದನ್ನು ಹಂಚುತ್ತಿದ್ದೇನೆ. ಮೂರು ಲವಂಗ, ನಾಲ್ಕು ಕಾಳುಮೆಣಸನ್ನು ದವಡೆಯಲ್ಲಿ ಇಟ್ಟುಕೊಂಡರೆ ರಾತ್ರಿಯಿಡೀ ನಿದ್ದೆ ಬರುವುದಿಲ್ಲ. ತಲೆ ಭಾರವೆನಿಸಿದರೆ ನೆಗಡಿಯ ಒಂದು ಮಾತ್ರೆ ಸಾಕು.

ಫ್ಲೀಟ್ ಮೇಲ್ವಿಚಾರಕರು: ಇದನ್ನು ಯಾರೂ ಮುಂದಕ್ಕೆ ಕಳುಹಿಸಬೇಡಿ. ಮೆಣಸಿನ ಖಾರ ಕೆಲವು ನಿಮಿಷ ಬಾಯಿಯನ್ನು ಎಚ್ಚರವಾಗಿಡಬಹುದು, ಮಿದುಳನ್ನಲ್ಲ. ನೆಗಡಿಯ ಎಷ್ಟೋ ಮಾತ್ರೆಗಳು ನಿದ್ದೆ ತರಿಸುತ್ತವೆ. ಅದನ್ನು ಎಚ್ಚರಕ್ಕೆಂದು ನುಂಗಿ ಗಾಡಿ ಹತ್ತುವುದು ಪ್ರಾಣದ ಜೊತೆ ಆಟ. ಬೆಳಿಗ್ಗೆ ಎದ್ದವನು ಹದಿನೇಳು ಗಂಟೆ ಎಚ್ಚರವಿದ್ದರೆ ಅವನ ಪ್ರತಿಕ್ರಿಯೆ ರಕ್ತದಲ್ಲಿ ಶೇಕಡಾ 0.05 ಮದ್ಯವಿರುವವನಷ್ಟು ಮಂದವಾಗುತ್ತದೆ ಎಂಬುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನಮ್ಮ ಕಾನೂನು ಚಾಲಕನಿಗೆ ಹಾಕಿರುವ ಮದ್ಯದ ಮಿತಿ 0.03. ಹಿಂದಿನ ಹತ್ತು ಕಿಲೋಮೀಟರ್ ಹೇಗೆ ಬಂದೆ ಎಂಬುದು ನೆನಪಾಗದಿದ್ದರೆ, ಗಾಡಿ ಪದೇ ಪದೇ ಗೆರೆ ದಾಟಿದರೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಬೇಕು. ಅದೂ ಮುಂದಿನ ನಿಲುಗಡೆಯವರೆಗೆ ಮಾತ್ರ; ರಾತ್ರಿಯ ನಿದ್ದೆಗೆ ಅದು ಬದಲಿಯಲ್ಲ.

ಗುಂಪಿನ ಹಿರಿಯ ಸದಸ್ಯ: ನಮ್ಮ ಕಾಲದಲ್ಲಿ ಎರಡು ರಾತ್ರಿ ಒಂದೇ ಸಮನೆ ಓಡಿಸುತ್ತಿದ್ದೆವು. ಏನೂ ಆಗಲಿಲ್ಲ. ಒಳ್ಳೆಯದಕ್ಕೆಂದು ಹಾಕಿದೆ, ಇಷ್ಟು ಸಿಟ್ಟು ಬೇಕಿರಲಿಲ್ಲ.

ಫ್ಲೀಟ್ ಮೇಲ್ವಿಚಾರಕರು: ಏನೋ ಆದವರು ಇಲ್ಲಿಗೆ ಬಂದು ಬರೆಯಲಾರರು, ಹಿರಿಯರೇ.

ಹೊಸ ಸದಸ್ಯ: ಕಾರಿನ ಲೈಸೆನ್ಸಿನಲ್ಲಿ ಸರಕಿನ ಗಾಡಿ ಓಡಿಸಬಹುದೇ?

ಫ್ಲೀಟ್ ಮೇಲ್ವಿಚಾರಕರು: ಮೇಲೆ ಓದಿ.

ವಿದೇಶಕ್ಕೆ ಹೊರಟವರು: ಯುರೋಪಿನಲ್ಲಿ ದಿನಕ್ಕೆ ಒಂಬತ್ತು ಗಂಟೆ ಓಡಿಸಬಹುದಂತೆ, ಅಮೆರಿಕದಲ್ಲಿ ಹನ್ನೊಂದು. ನಮ್ಮಲ್ಲಿ ಎಂಟೇ ಎಂದರೆ ನಮ್ಮ ಕಾನೂನೇ ಚಾಲಕನಿಗೆ ಹೆಚ್ಚು ಒಳ್ಳೆಯದು ಎಂದಾಯಿತಲ್ಲ?

ಫ್ಲೀಟ್ ಮೇಲ್ವಿಚಾರಕರು: ಕಾಗದದ ಮೇಲೆ ಹಾಗೆ ಕಾಣುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆಯ ಮಿತಿ ಹಾಕಿತ್ತು. ದೂರದ ದಾರಿಗೆ ಅನುಮತಿ ಪಡೆದರೆ ದಿನಕ್ಕೆ ಹತ್ತರವರೆಗೆ ಹೋಗಬಹುದಿತ್ತು. ಆ ಕಾಯಿದೆಯನ್ನು ಈಗ ಕಾರ್ಮಿಕರ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ 2020ರ ಸಂಹಿತೆಯೊಳಗೆ ಸೇರಿಸಿದ್ದಾರೆ, ಎಂಟು ಗಂಟೆಯ ಅಳತೆ ಅಲ್ಲಿಯೂ ಇದೆ. ಆದರೆ ಯುರೋಪಿನಲ್ಲಿ ಪ್ರತಿ ನಿಮಿಷವನ್ನೂ ಗಾಡಿಯಲ್ಲಿರುವ ಟ್ಯಾಕೋಗ್ರಾಫ್ ಯಂತ್ರ ಬರೆದಿಡುತ್ತದೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ನಲವತ್ತೈದು ನಿಮಿಷ ನಿಲ್ಲಿಸಲೇಬೇಕು, ದಿನದ ವಿಶ್ರಾಂತಿ ಸಾಮಾನ್ಯವಾಗಿ ಹನ್ನೊಂದು ಗಂಟೆ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ರಸ್ತೆಯ ಸುರಕ್ಷತೆಗೆ ಧಕ್ಕೆ ತರುವಂತಿದ್ದರೆ, ಓಡಿಸಿದ ದೂರಕ್ಕೆ ತಕ್ಕಂತೆ ಚಾಲಕನಿಗೆ ಹಣ ಕೊಡುವುದನ್ನೇ ಅಲ್ಲಿನ ನಿಯಮ ನಿಷೇಧಿಸಿದೆ. ಈ ಅಮ್ಮನಿಗೆ ಬಂದಿರುವ 36 ಗಂಟೆಯ ಕರಾರು ಅಂಥದ್ದೇ. ಅಮೆರಿಕದಲ್ಲಿ ಮೈಲಿಗೆ ಇಷ್ಟು ಎಂದು ಕೊಡುವ ಪದ್ಧತಿ ಇದೆ, ಆದರೆ ಹನ್ನೊಂದು ಗಂಟೆ ಓಡಿಸುವ ಮೊದಲು ಸತತ ಹತ್ತು ಗಂಟೆ ಬಿಡುವು ಪಡೆದಿರಬೇಕು.

ವಿದೇಶಕ್ಕೆ ಹೊರಟವರು: ಅಲ್ಲಿ ಕೆಲಸ ಕೊಡಿಸುವ ಏಜೆಂಟರ ಬಗ್ಗೆ ಏನಾದರೂ ಹೇಳುತ್ತೀರಾ?

ಫೋರ್ಕ್‌ಲಿಫ್ಟ್ ಕಲಿಯುತ್ತಿರುವವಳು: ಗೋದಾಮಿನೊಳಗೆ ಫೋರ್ಕ್‌ಲಿಫ್ಟ್ ಓಡಿಸಲು ಯಾವ ಲೈಸೆನ್ಸ್ ಕೇಳುತ್ತಾರೆ ಎಂದು ದಯವಿಟ್ಟು ತಿಳಿಸಿ.

ಚಾಲಕರ ಪತ್ನಿ: ಸರ್, ಎರಡನೆಯವರು ಇಬ್ಬರು ಚಾಲಕರು ಇರುತ್ತಾರೆ ಎಂದರು. ಇನ್ನೊಬ್ಬ ಯಾರೆಂದು ಕೇಳಿದರೆ, ಕ್ಲೀನರ್ ಹುಡುಗನ ಬಳಿಯೂ ಲೈಸೆನ್ಸ್ ಇದೆ, ಅವನೇ ರಾತ್ರಿ ಸ್ವಲ್ಪ ಹೊತ್ತು ಹಿಡಿಯುತ್ತಾನೆ ಎಂದರು.

ಫ್ಲೀಟ್ ಮೇಲ್ವಿಚಾರಕರು: ಆ ಹುಡುಗನ ಲೈಸೆನ್ಸನ್ನು ನಿಮ್ಮ ಪತಿ ಕಣ್ಣಾರೆ ನೋಡಲಿ. ಹೆವಿ ಸರಕು ಗಾಡಿಗೆ ಇಪ್ಪತ್ತು ವರ್ಷ ತುಂಬಿರಬೇಕು, ಅದಕ್ಕೆ ಕಲಿಕಾ ಲೈಸೆನ್ಸ್ ಪಡೆಯುವ ಮುಂಚೆ ಒಂದು ವರ್ಷವಾದರೂ ಎಲ್‌ಎಂವಿ ಲೈಸೆನ್ಸ್ ಇದ್ದಿರಬೇಕು. ಅವನ ಕಾರ್ಡಿನಲ್ಲಿ ಎಲ್‌ಎಂವಿ ಮಾತ್ರವಿದ್ದರೆ ಅವನು ಆ ಲಾರಿಯ ಎರಡನೆಯ ಚಾಲಕನಲ್ಲ. ಹೆವಿ ಲೈಸೆನ್ಸ್ ಇದ್ದರೂ, ಗೊತ್ತಿರುವ ಚಾಲಕನ ಪಕ್ಕದಲ್ಲಿ ಕುಳಿತು ಕೆಲವು ಟ್ರಿಪ್ ಮಾಡದವನ ಕೈಗೆ ನಸುಕಿನಲ್ಲಿ ತುಂಬಿದ ಲಾರಿ ಕೊಟ್ಟರೆ ನಿಮ್ಮ ಪತಿಗೆ ಹಿಂದಿನ ಬರ್ತಿನಲ್ಲಿ ನಿದ್ದೆ ಹತ್ತುವುದಿಲ್ಲ. ಇನ್ನೊಂದು ಮಾತು: ಆ ಇಪ್ಪತ್ತೈದು ಒಬ್ಬರದೋ ಇಬ್ಬರದೋ? ಡೀಸೆಲ್ ಕಡಿಮೆ ಬಂದರೆ ಯಾರಿಂದ ಹಿಡಿಯುತ್ತಾರೆ?

ಗೋದಾಮು ಮೇಲ್ವಿಚಾರಕ: ಇಷ್ಟೆಲ್ಲ ಪ್ರಶ್ನೆ ಕೇಳಿದರೆ ಯಾವ ಮಾಲೀಕನೂ ಕೆಲಸ ಕೊಡುವುದಿಲ್ಲ.

ಟ್ಯಾಂಕರ್ ಚಾಲಕ: ಕೊಡುವವರು ಕೊಡುತ್ತಾರೆ. ನಿಮ್ಮ ಸಲಹೆಯನ್ನು ಯಾರೂ ಕೇಳಿಲ್ಲ.

ಚಾಲಕರ ಪತ್ನಿ: ಈಗ ಕೇಳಿದೆವು. ಕ್ಲೀನರ್ ಸಂಬಳ ಟ್ರಿಪ್ ಹಣದಲ್ಲಿಯೇ ಹೋಗುತ್ತದಂತೆ. ಡೀಸೆಲ್ ಕೊರತೆಯೂ ಚಾಲಕನ ಲೆಕ್ಕಕ್ಕೇ ಅಂತೆ. ಮೊದಲನೆಯವರು ಬಾಟಾ ಎಷ್ಟು, ವಾರದ ರಜೆ ಯಾವ ದಿನ ಎಂದು ಬರೆದುಕೊಡಲು ಒಪ್ಪಿದ್ದಾರೆ, ಆದರೆ ಹೆಚ್ಚುವರಿ ಗಂಟೆಯ ಬಗ್ಗೆ ಏನೂ ಹೇಳಲಿಲ್ಲ.

ಫ್ಲೀಟ್ ಮೇಲ್ವಿಚಾರಕರು: ಹಾಗಾದರೆ ಎರಡನೆಯವರ ಲೆಕ್ಕ ನಾನು ಬರೆದ ಎಂಬತ್ತಕ್ಕಿಂತಲೂ ಕೆಳಗೆ ಇಳಿಯಿತು. ಮೊದಲನೆಯವರ ಬಳಿ ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿಯ ನಿಯಮವಿದೆ ಎಂದು ಹೇಳಿ, ಅದನ್ನೂ ಬರೆಸಿಕೊಳ್ಳಿ. ಚಾಲಕ ಬದಲಾಗುವ ಜಾಗದಲ್ಲಿ ಮಲಗಲು ಕೋಣೆ ಇದೆಯೇ ಎಂದು ನಿಮ್ಮ ಪತಿ ಒಮ್ಮೆ ಹೋಗಿ ನೋಡಿಬರಲಿ.